ಮಿಕ್ಸರ್‌ನಲ್ಲಿ 0, ಲ್ಯಾಪ್‌ಟಾಪ್‌ನಲ್ಲಿ -12: dBu, dBV, dBFS ಲೆಕ್ಕ

ಪ್ರಶ್ನೆ: ಹಾಸನ, ಬೇಲೂರು ಕಡೆ ಡೊಳ್ಳು ಕುಣಿತ, ಭಜನೆ ಕಾರ್ಯಕ್ರಮಗಳನ್ನ ಮಿಕ್ಸರ್‌ನಿಂದ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡ್ತೀನಿ. ಮಿಕ್ಸರ್ ಮೀಟರ್ 0 ತೋರಿಸಿದಾಗ ಲ್ಯಾಪ್‌ಟಾಪ್‌ನಲ್ಲಿ ಬರೀ -12 ಬರುತ್ತೆ, ಆದ್ರೂ ಡೊಳ್ಳು ಶುರುವಾದ್ರೆ ಸೌಂಡ್ ಒಡೆಯುತ್ತೆ. ಒಂದು ಕಡೆ dBu, ಒಂದು ಕಡೆ dBV, ಇನ್ನೊಂದು ಕಡೆ dBFS ಅಂತ ಬರೆದಿರ್ತಾರೆ. ಯಾವುದನ್ನ ಎಲ್ಲಿ ನೋಡ್ಬೇಕು?

ನಿಮ್ಮ ಎರಡೂ ಮೀಟರ್ ಸರಿಯಾಗೇ ಇವೆ, ನಡುವೆ ಸಿಗ್ನಲ್ ಎಲ್ಲೂ ಸೋರಿಹೋಗಿಲ್ಲ. dBu ಮತ್ತು dBV ಕೇಬಲ್‌ನಲ್ಲಿರುವ ವೋಲ್ಟೇಜನ್ನು ಹೇಳುತ್ತವೆ. dBFS ವೋಲ್ಟೇಜ್ ಹೇಳುವುದೇ ಇಲ್ಲ. ಡಿಜಿಟಲ್‌ನಲ್ಲಿ ಹಿಡಿಯಬಹುದಾದ ಗರಿಷ್ಠ ಮಟ್ಟಕ್ಕಿಂತ ನೀವು ಎಷ್ಟು ಕೆಳಗಿದ್ದೀರಿ ಎಂಬುದಷ್ಟೇ ಅದರ ಲೆಕ್ಕ. ಇವೆರಡನ್ನೂ ಜೋಡಿಸುವ ಸಂಖ್ಯೆ, ಮಿಕ್ಸರ್‌ನ ಸಿಗ್ನಲನ್ನು ಡಿಜಿಟಲ್ ಮಾಡಿ ಲ್ಯಾಪ್‌ಟಾಪ್‌ಗೆ ಕೊಡುವ ನಿಮ್ಮ ಇಂಟರ್‌ಫೇಸ್‌ನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅದು ಗೊತ್ತಾದರೆ ಡೊಳ್ಳು ಯಾಕೆ ಒಡೆಯುತ್ತಿದೆ ಎಂಬುದೂ ಗೊತ್ತಾಗುತ್ತದೆ.

ಮೊದಲು ವೋಲ್ಟೇಜ್ ಹೇಳುವ ಎರಡನ್ನು ನೋಡೋಣ. 0 dBV ಎಂದರೆ 1 ವೋಲ್ಟ್ ಆರ್‌ಎಂಎಸ್. 0 dBu ಎಂದರೆ 0.775 ವೋಲ್ಟ್ ಆರ್‌ಎಂಎಸ್. ಈ ವಿಚಿತ್ರ ಸಂಖ್ಯೆ ಬಂದದ್ದು ಹಳೆಯ ಟೆಲಿಫೋನ್ ಲೈನ್‌ಗಳಿಂದ: 600 ಓಮ್ ಲೋಡ್‌ನಲ್ಲಿ 1 ಮಿಲಿವ್ಯಾಟ್ ಶಕ್ತಿ ಬೇಕಾದರೆ ಇಷ್ಟು ವೋಲ್ಟೇಜ್ ಬೇಕು. ಈಗಿನ ಉಪಕರಣಗಳಲ್ಲಿ 600 ಓಮ್ ಲೋಡ್ ಇರುವುದಿಲ್ಲ, ವೋಲ್ಟೇಜ್ ಮಾತ್ರ ಉಳಿದುಕೊಂಡಿದೆ.

```
dBu = 20 × log10(V / 0.775)
dBV = 20 × log10(V / 1)
dBu = dBV + 2.2
```

ಬಳಕೆಯಲ್ಲಿ ಇವು ಬೇರೆ ಬೇರೆ ಕಡೆ ಸಿಗುತ್ತವೆ. ಮಿಕ್ಸರ್‌ನ ಮುಖ್ಯ ಔಟ್‌ಪುಟ್, ಆಂಪ್ಲಿಫೈಯರ್‌ನ ಇನ್‌ಪುಟ್, ಇಂಟರ್‌ಫೇಸ್‌ನ ಲೈನ್ ಇನ್‌ಪುಟ್, ಹೀಗೆ ಬ್ಯಾಲೆನ್ಸ್ಡ್ ಕೇಬಲ್ ಹೋಗುವ ಕಡೆ ಸಾಮಾನ್ಯವಾಗಿ dBu. ಆರ್‌ಸಿಎ ಪಿನ್ ಇರುವ REC OUT, ಸಿಡಿ ಪ್ಲೇಯರ್, ಮನೆಯ ಸ್ಟೀರಿಯೊ ಇಂಥವುಗಳಲ್ಲಿ dBV. ಮೊದಲ ಗುಂಪಿನ ರೂಢಿಯ ಮಟ್ಟ +4 dBu, ಅಂದರೆ 1.23 ವೋಲ್ಟ್. ಎರಡನೆಯದರದ್ದು -10 dBV, ಅಂದರೆ 0.316 ವೋಲ್ಟ್. ನಾಲ್ಕರಿಂದ ಮೈನಸ್ ಹತ್ತಕ್ಕೆ ಹದಿನಾಲ್ಕು ಎಂದು ನೇರವಾಗಿ ಕಳೆಯಬೇಡಿ, ಅಳತೆಯ ಬುಡವೇ ಬೇರೆ. -10 dBV ಅಂದರೆ -7.8 dBu, ಹಾಗಾಗಿ ನಿಜವಾದ ಅಂತರ 11.8 ಡೆಸಿಬೆಲ್.

ಇನ್ನು dBFS. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲದಲ್ಲಿ ‘ತುಂಬಲು ಇನ್ನು 12 ಅಡಿ ಬಾಕಿ’ ಎಂದರೆ ನೀರು 2910 ಅಡಿಯಲ್ಲಿದೆ ಎಂದು ನಮಗೆ ಗೊತ್ತಾಗುವುದು ಆ 2922 ಗೊತ್ತಿರುವುದರಿಂದ. ಬೇರೆ ಜಲಾಶಯಕ್ಕೂ 12 ಅಡಿ ಬಾಕಿ ಇರಬಹುದು, ಆದರೆ ಅಲ್ಲಿಯ ನೀರಿನ ಎತ್ತರವೇ ಬೇರೆ. -12 dBFS ಕೂಡ ಹಾಗೆಯೇ. ಗರಿಷ್ಠ ಮಟ್ಟ 0 dBFS, ಅದರ ಮೇಲೆ ಜಾಗವಿಲ್ಲ, ಆದ್ದರಿಂದ ಇಲ್ಲಿ ಎಲ್ಲವೂ ಮೈನಸ್. ಆ 0 ಎಷ್ಟು ವೋಲ್ಟ್ ಎಂಬುದನ್ನು ಇಂಟರ್‌ಫೇಸ್ ತಯಾರಿಸಿದವರು ನಿರ್ಧರಿಸಿರುತ್ತಾರೆ. ಮ್ಯಾನ್ಯುಯಲ್‌ನಲ್ಲಿ `Maximum input level` ಎಂದು ಬರೆದಿರುವ ಸಾಲು ಅದೇ.

ನಿಮ್ಮ ಮಿಕ್ಸರ್‌ನ 0 ಎಂದರೆ +4 dBu ಎಂದೂ, ಇಂಟರ್‌ಫೇಸ್‌ನ ಲೈನ್ ಇನ್‌ಪುಟ್ ಗರಿಷ್ಠ +16 dBu ಎಂದೂ ಇಟ್ಟುಕೊಳ್ಳೋಣ. +16 ಬಂದಾಗ 0 dBFS ಆದರೆ, +4 ಬಂದಾಗ -12 dBFS. ನೀವು ಹೇಳಿದ ಸಂಖ್ಯೆ ಇದೇ. ಭಜನೆಯಲ್ಲಿ ಹಾರ್ಮೋನಿಯಂ ಮತ್ತು ದನಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹೋಗುವುದರಿಂದ ತೊಂದರೆ ಕಾಣಲಿಲ್ಲ. ಡೊಳ್ಳಿನ ಪೆಟ್ಟು ಹಾಗಲ್ಲ, ಅದರ ತುದಿ ಕೆಲವೇ ಮಿಲಿಸೆಕೆಂಡಿನಲ್ಲಿ ಬಂದು ಹೋಗುತ್ತದೆ. ವಿಯು ಮಾದರಿಯ ಸೂಜಿ ಮೀಟರ್ ತನ್ನ ಪೂರ್ತಿ ಓದಿಗೆ ಬರಲು ಸುಮಾರು 300 ಮಿಲಿಸೆಕೆಂಡ್ ಬೇಕು. ಎಲ್‌ಇಡಿ ಸಾಲಿನ ಮೀಟರ್ ಎಷ್ಟು ಚುರುಕು ಎಂಬುದು ಒಂದೊಂದು ಮಿಕ್ಸರ್‌ನಲ್ಲಿ ಒಂದೊಂದು ಥರ. ಹಾಗಾಗಿ ಮೀಟರ್ 0 ಆಸುಪಾಸಿನಲ್ಲೇ ಆಡುತ್ತಿರುವಾಗ ನಿಜವಾದ ತುದಿ 15 ಡೆಸಿಬೆಲ್ ಮೇಲಿದ್ದರೆ ಕೇಬಲ್‌ನಲ್ಲಿ +19 dBu ಇರುತ್ತದೆ. ಮಿಕ್ಸರ್‌ನ ಔಟ್‌ಪುಟ್ ಗರಿಷ್ಠ ಮಟ್ಟ +22 dBu ಇದ್ದರೆ ಅದಕ್ಕೇನೂ ಆಗುವುದಿಲ್ಲ, ಸ್ಪೀಕರ್‌ನಲ್ಲಿ ಸೌಂಡ್ ಚೆನ್ನಾಗೇ ಕೇಳುತ್ತದೆ. ಇಂಟರ್‌ಫೇಸ್‌ಗೆ ಮಾತ್ರ 3 ಡೆಸಿಬೆಲ್ ಜಾಸ್ತಿಯಾಗಿ ತುದಿ ಕತ್ತರಿಸಿಹೋಗುತ್ತದೆ.

ಈಗ ಅದೇ ಕಾರ್ಯಕ್ರಮವನ್ನು REC OUTನಿಂದ ತೆಗೆದುಕೊಂಡರೆ? ಅಲ್ಲಿ 0 ಎಂದರೆ -10 dBV, ಅಂದರೆ -7.8 dBu. ಡೊಳ್ಳಿನ ತುದಿ 15 ಮೇಲೆ ಹೋದರೂ +7.2 dBu. ಅದು ಲ್ಯಾಪ್‌ಟಾಪ್‌ನಲ್ಲಿ -8.8 dBFS. ಸರಾಸರಿ ಮಟ್ಟ ಮೈನಸ್ ಇಪ್ಪತ್ತನಾಲ್ಕರ ಹತ್ತಿರ ಇರುತ್ತದೆ, ನೋಡಲು ಸಣ್ಣ ಅಲೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಅದರಿಂದ ನಷ್ಟವಿಲ್ಲ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಏರಿಸಿಕೊಳ್ಳಬಹುದು. ಡೊಳ್ಳಿನ ಕಾರ್ಯಕ್ರಮಕ್ಕೆ ನಾನು ಹೇಳುವುದು ಇದೇ ದಾರಿ: ಮುಖ್ಯ ಔಟ್‌ಪುಟ್ ಮುಟ್ಟಬೇಡಿ, ಅದು ಸ್ಪೀಕರ್‌ಗೆ ಇರಲಿ. ಕಡಿಮೆ ಮಟ್ಟದ REC OUT ಅಥವಾ ಬೇರೆ ಆಕ್ಸ್ ಔಟ್‌ಪುಟ್ ಒಂದನ್ನು ಲ್ಯಾಪ್‌ಟಾಪ್‌ಗೆ ಕೊಡಿ.

ಮೇಲಿನ +4 ಮತ್ತು +16 ನಾನು ಇಟ್ಟುಕೊಂಡ ಸಂಖ್ಯೆಗಳು. ಕೆಲವು ಮಿಕ್ಸರ್‌ಗಳಲ್ಲಿ ಮೀಟರ್‌ನ 0 ಎಂದರೆ +4 dBu ಅಲ್ಲ, 0 dBu. ನಿಮ್ಮದು ಯಾವುದು ಎಂದು ಒಂದು ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಆಂಪ್ಲಿಫೈಯರ್ ಆಫ್ ಮಾಡಿ. ಮೊಬೈಲ್‌ನಿಂದ 200 ಹರ್ಟ್ಸ್ ಸೈನ್ ಟೋನ್ ಅನ್ನು ಒಂದು ಚಾನೆಲ್‌ಗೆ ಕೊಟ್ಟು, ಮುಖ್ಯ ಮೀಟರ್ ಸರಿಯಾಗಿ 0 ಬರುವವರೆಗೆ ಏರಿಸಿ. 1000 ಹರ್ಟ್ಸ್ ಹಾಕಬೇಡಿ ಎನ್ನಲು ಕಾರಣವಿದೆ: ಅಗ್ಗದ ಮಲ್ಟಿಮೀಟರ್‌ಗಳ ಎಸಿ ಅಳತೆಯನ್ನು ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್ ನಡುವೆ ಅಳೆಯಿರಿ. 1.23 ವೋಲ್ಟ್ ಬಂದರೆ ನಿಮ್ಮ 0 ಎಂದರೆ +4 dBu. 0.775 ಬಂದರೆ 0 dBu. 1 ಮತ್ತು 2ನೇ ಪಿನ್ ನಡುವೆ ಅಳೆದರೆ ಅನೇಕ ಮಿಕ್ಸರ್‌ಗಳಲ್ಲಿ ಅರ್ಧ ಮಾತ್ರ ಬರುತ್ತದೆ. ಅಂಥ ಔಟ್‌ಪುಟ್‌ನಿಂದ ಒಂದೇ ಪಿನ್ ಬಳಸಿ ಅನ್‌ಬ್ಯಾಲೆನ್ಸ್ಡ್ ಕೇಬಲ್ ಮಾಡಿದವರಿಗೆ 6 ಡೆಸಿಬೆಲ್ ಕಡಿಮೆ ಬರುವುದು ಇದರಿಂದಲೇ.

ಆಮೇಲೆ ಟೋನ್ ಹಾಗೇ ಇಟ್ಟು ಅದೇ ಔಟ್‌ಪುಟ್ ಅನ್ನು ಇಂಟರ್‌ಫೇಸ್‌ಗೆ ಕೊಡಿ, ಗೇನ್ ಪೂರ್ತಿ ಕೆಳಗಿರಲಿ. ಸಾಫ್ಟ್‌ವೇರ್‌ನ ಪೀಕ್ ಮೀಟರ್ -14 ತೋರಿಸಿದರೆ, ಅಳೆದದ್ದು +4 dBu ಆಗಿದ್ದಲ್ಲಿ, ನಿಮ್ಮ 0 dBFS ಎಂದರೆ +18 dBu. ಆ ಸಂಖ್ಯೆಯನ್ನು ಟೇಪ್ ಮೇಲೆ ಬರೆದು ಇಂಟರ್‌ಫೇಸ್‌ಗೆ ಅಂಟಿಸಿ. ಗೇನ್ 10 ಡೆಸಿಬೆಲ್ ಏರಿಸಿದರೆ ಅದು +8 dBuಗೆ ಇಳಿಯುತ್ತದೆ ಎಂಬುದು ನೆನಪಿರಲಿ. ಓದುವಾಗ ಪೀಕ್ ಮೀಟರನ್ನೇ ನೋಡಿ. ಕೆಲವು ಸಾಫ್ಟ್‌ವೇರ್‌ಗಳ ಆರ್‌ಎಂಎಸ್ ಮೀಟರ್ ಇದೇ ಸೈನ್ ಟೋನನ್ನು 3 ಡೆಸಿಬೆಲ್ ಕಡಿಮೆ ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎಲ್ಲವೂ 3 ತಪ್ಪುತ್ತದೆ.

ಕೇಬಲ್ ಯಾವ ಸಾಕೆಟ್‌ಗೆ ಹೋಗಿದೆ ಎಂಬುದನ್ನೂ ನೋಡಿ. ಸಣ್ಣ ಇಂಟರ್‌ಫೇಸ್‌ಗಳಲ್ಲಿ ಎಕ್ಸ್‌ಎಲ್‌ಆರ್ ಮತ್ತು ಕಾಲಿಂಚಿನ ಜ್ಯಾಕ್ ಎರಡೂ ಒಂದೇ ರಂಧ್ರಕ್ಕೆ ಹೋಗುತ್ತವೆ. ಎಕ್ಸ್‌ಎಲ್‌ಆರ್ ಚುಚ್ಚಿದರೆ ಸಿಗ್ನಲ್ ಸಾಮಾನ್ಯವಾಗಿ ಮೈಕ್ ಪ್ರೀಆಂಪ್‌ಗೆ ಹೋಗುತ್ತದೆ, ಜ್ಯಾಕ್ ಹಾಕಿದರೆ ಲೈನ್‌ಗೆ. ಮ್ಯಾನ್ಯುಯಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಗರಿಷ್ಠ ಮಟ್ಟ ಇರುತ್ತದೆ, ಮೈಕ್‌ನದು ಕಡಿಮೆ. ಮಿಕ್ಸರ್‌ನಿಂದ ಬರುವ ಕೇಬಲ್‌ನ ಇನ್ನೊಂದು ತುದಿಯಲ್ಲಿ ಟಿಆರ್‌ಎಸ್ ಜ್ಯಾಕ್ ಇರಬೇಕು.

ಒಡೆದದ್ದು ಎಲ್ಲಿ ಎಂದು ರೆಕಾರ್ಡಿಂಗ್ ನೋಡಿದರೂ ಗೊತ್ತಾಗುತ್ತದೆ. ಡೊಳ್ಳಿನ ಒಂದು ಪೆಟ್ಟನ್ನು ಝೂಮ್ ಮಾಡಿ. ಅಲೆಯ ತಲೆ ಚಪ್ಪಟೆಯಾಗಿದ್ದು, ಆ ಚಪ್ಪಟೆ ಗೆರೆ ನಿಖರವಾಗಿ 0 dBFSನಲ್ಲಿದ್ದರೆ ತುಂಬಿ ಹರಿದದ್ದು ಇಂಟರ್‌ಫೇಸ್‌ನ ಕನ್ವರ್ಟರ್. ಅದೇ ಚಪ್ಪಟೆ ಗೆರೆ -7 ಅಥವಾ -9ರಲ್ಲಿ, ಪ್ರತಿ ಪೆಟ್ಟಿಗೂ ಅದೇ ಎತ್ತರದಲ್ಲಿ ನಿಂತಿದ್ದರೆ, ಒಡೆದದ್ದು ಅದಕ್ಕೂ ಮುಂಚೆ: ಮಿಕ್ಸರ್‌ನ ಒಂದು ಚಾನೆಲ್‌ನಲ್ಲಿ, ಅಥವಾ ಲ್ಯಾಪ್‌ಟಾಪ್ ಬದಲು ಕ್ಯಾಮೆರಾಕ್ಕೆ ರೆಕಾರ್ಡ್ ಮಾಡಿದ್ದರೆ ಅದರ 3.5 ಎಂಎಂ ಮೈಕ್ ಇನ್‌ಪುಟ್‌ನ ಪ್ರೀಆಂಪ್‌ನಲ್ಲಿ. ಮೈಕ್‌ಗೆಂದು ಮಾಡಿದ ಆ ರಂಧ್ರಕ್ಕೆ +4 dBu ನೇರವಾಗಿ ಕೊಟ್ಟು, ಆಮೇಲೆ ಮೆನುವಿನಲ್ಲಿ ಲೆವೆಲ್ ಇಳಿಸಿದರೆ ಒಡೆದ ಸೌಂಡೇ ಸಣ್ಣದಾಗಿ ರೆಕಾರ್ಡ್ ಆಗುತ್ತದೆ, ಮೀಟರ್ ಮಾತ್ರ ಹಸಿರಲ್ಲೇ ಇರುತ್ತದೆ. ಅಲ್ಲಿಗೆ ಕೇಬಲ್‌ನಲ್ಲೇ 40 ಡೆಸಿಬೆಲ್ ಇಳಿಸುವ ಪ್ಯಾಡ್ ಬೇಕು. 10 ಕಿಲೊಓಮ್ ರೆಸಿಸ್ಟರ್ ಸಾಲಿನಲ್ಲಿ, ಕ್ಯಾಮೆರಾ ಕಡೆಗೆ 100 ಓಮ್ ನೆಲಕ್ಕೆ ಹಾಕಿದರೆ ಅಷ್ಟಾಗುತ್ತದೆ. ಕ್ಯಾಮೆರಾ ಆ ಪಿನ್‌ನಲ್ಲಿ ಮೈಕ್‌ಗೆ ಪವರ್ ಕೊಡುತ್ತಿದ್ದರೆ ಕ್ಯಾಮೆರಾಕ್ಕೂ ಪ್ಯಾಡ್‌ಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಇರಲಿ, ಪ್ಲಸ್ ಕಾಲು ಕ್ಯಾಮೆರಾ ಕಡೆಗೆ.

ಟಿವಿಯವರಿಗೆ ಫೈಲ್ ಕೊಡುವ ಸಂದರ್ಭ ಬಂದರೆ ಅವರ ಹೊಂದಾಣಿಕೆಯ ಮಟ್ಟ ಯಾವುದು ಎಂದು ಮೊದಲೇ ಕೇಳಿ. ಎಸ್‌ಎಂಪಿಟಿಇ ರೂಢಿಯಲ್ಲಿ +4 dBuಗೆ -20 dBFS, ಯುರೋಪಿನ ಇಬಿಯು ರೂಢಿಯಲ್ಲಿ 0 dBuಗೆ -18 dBFS. ಅಂದರೆ ಮೊದಲನೆಯದರಲ್ಲಿ 0 dBFS ಎಂದರೆ +24 dBu, ಎರಡನೆಯದರಲ್ಲಿ +18 dBu.