ಪ್ರಾಜೆಕ್ಟ್ ಹೆಸರಿನ ಕೆಳಗಿನ ಮೂರು ಸಾಲು

"ರಾಯಚೂರಲ್ಲಿ ಇಸಿ ಕೊನೇ ವರ್ಷ ಓದ್ತಿದ್ದೀನಿ. ನಮ್ಮ ಕ್ಲಾಸಲ್ಲಿ ಎಲ್ಲರ ರೆಸ್ಯೂಮೆನೂ ಒಂದೇ ಥರ, ಪ್ರಾಜೆಕ್ಟ್ ಅಂತೂ ನಾಲ್ವರದ್ದೂ ಒಂದೇ. ನನ್ನದು ಬೇರೆಯಾಗಿ ಕಾಣೋಕೆ ಏನು ಮಾಡಲಿ?"

ಟೆಂಪ್ಲೇಟಿಗೆ ಕೈ ಹಾಕಬೇಡಿ. ಪ್ರಾಜೆಕ್ಟ್ ಹೆಸರಿನ ಕೆಳಗೆ ಬರುವ ಮೂರು ಸಾಲುಗಳನ್ನು ಮತ್ತೆ ಬರೆಯಿರಿ.

ನಾನು ಬಳ್ಳಾರಿಯವನು. ನಮ್ಮ ಕಂಪನಿ ಪರವಾಗಿ ಕ್ಯಾಂಪಸ್ ಡ್ರೈವ್‌ಗಳಲ್ಲಿ ಸಂದರ್ಶನ ಮಾಡುತ್ತೇನೆ. ಸಿಜಿಪಿಎ, ಬ್ಯಾಕ್‌ಲಾಗ್ ಇವನ್ನೆಲ್ಲ ನೋಡಿ ಸೋಸುವ ಕೆಲಸ ನಾನು ಬರುವ ಮೊದಲೇ ಮುಗಿದಿರುತ್ತದೆ; ಅಲ್ಲಿ ತಡೆದರೆ ಎಂಥ ರೆಸ್ಯೂಮೆಯೂ ದಾಟಿಸದು. ನನ್ನ ಕೈಗೆ ಬಂದ ಹಾಳೆಯಲ್ಲಿ ನಾನು ಹುಡುಕುವುದು ಒಂದೇ: ಏನು ಕೇಳಿ ಮಾತು ಶುರು ಮಾಡಲಿ?

ಒಮ್ಮೆ ಒಂದೇ ತಂಡದ ನಾಲ್ವರು ಸಾಲಾಗಿ ಬಂದರು. ಮೂವರ ಹಾಳೆಯಲ್ಲಿ ಇದ್ದದ್ದು ಇಷ್ಟು: "ಮಣ್ಣಿನ ತೇವ ಗುರುತಿಸಿ ತಾನೇ ನೀರು ಬಿಡುವ ವ್ಯವಸ್ಥೆ. ಆರ್ಡುಯಿನೊ, ಸೆನ್ಸರ್, ರಿಲೇ ಬಳಸಿದ್ದೇವೆ." ಸಿಂಧನೂರು ಕಡೆಯ ನಾಲ್ಕನೆಯವನು ಬರೆದದ್ದು ಹೀಗಿತ್ತು (ಇಂಗ್ಲಿಷಿನಲ್ಲಿತ್ತು, ಅರ್ಥ ಹೇಳುತ್ತೇನೆ): "ನಾಲ್ವರ ತಂಡ, ಸೆನ್ಸರ್ ಭಾಗ ನನ್ನದು. ಮೂರನೇ ವಾರಕ್ಕೆ ಒದ್ದೆ ಮಣ್ಣನ್ನೂ ಒಣ ಎಂದು ತೋರಿಸತೊಡಗಿತು, ಸುಮ್ಮನೆ ಪಂಪು ಓಡುತ್ತಿತ್ತು. ಸೆನ್ಸರಿನ ಕಡ್ಡಿಗಳು ಸವೆದದ್ದು ಕಾರಣ. ಅರ್ಧ ಗಂಟೆಗೊಮ್ಮೆ, ರೀಡಿಂಗ್ ತೆಗೆಯುವಾಗ ಮಾತ್ರ ಕರೆಂಟ್ ಕೊಡುವಂತೆ ಬದಲಿಸಿದೆ."

ನಾನು ಕೇಳಿದೆ, "ಸವೆದದ್ದು ಯಾಕಪ್ಪಾ?"

"ಕರೆಂಟ್ ಯಾವಾಗ್ಲೂ ಹರೀತಿತ್ತು ಸರ್. ಹಸಿ ಮಣ್ಣಾಗ ಲೋಹ ಕರಗ್ತದ. ಕಡ್ಡಿ ಸವೆದಂಗ ರೆಸಿಸ್ಟೆನ್ಸ್ ಏರ್ತದ, ಅದಕ್ಕ ಒಣಗೇತಿ ಅಂತ ತೋರಿಸ್ತದ."

ಅಲ್ಲಿಂದ ಕೆಪಾಸಿಟಿವ್ ಸೆನ್ಸರ್ ಯಾಕೆ ಬಳಸಲಿಲ್ಲ, ಎರೆಮಣ್ಣು ಒಣಗಿ ಬಿರುಕು ಬಿಟ್ಟು ಕಡ್ಡಿಗೆ ತಾಗದೇ ಹೋದರೆ ಏನಾಗುತ್ತದೆ ಅಂತ ಮಾತು ಬೆಳೆಯಿತು. ಎರಡನೆಯದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. "ನೋಡಿಲ್ಲ ಸರ್" ಅಂದ, ನನಗೆ ಅಷ್ಟು ಸಾಕಾಗಿತ್ತು. ಉಳಿದ ಮೂವರಿಗೂ ಕೆಲಸ ಗೊತ್ತಿತ್ತೋ ಏನೋ, ಹಾಳೆಯಲ್ಲಿ ಕೇಳಲು ಏನೂ ಇಲ್ಲದೆ ನಾನು ಓಮ್ಸ್ ಲಾ ಕೇಳಿ ಕಳಿಸಿದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ನೀವೂ ಇದೇ ಕ್ರಮದಲ್ಲಿ ಬರೆಯಿರಿ: ನಿಮ್ಮ ಪಾಲಿನ ಕೆಲಸ, ಕೆಟ್ಟದ್ದು ಏನು, ಅದಕ್ಕೆ ಕಾರಣ ಏನು, ಏನು ಬದಲಿಸಿದಿರಿ. ಜಾಗ ಸಾಲದಿದ್ದರೆ ಆಬ್ಜೆಕ್ಟಿವ್, ತಂದೆಯ ಹೆಸರು, ಹವ್ಯಾಸ, ಕೊನೆಯ ಡಿಕ್ಲರೇಷನ್ ತೆಗೆದುಹಾಕಿ. ಒಂದು ಪುಟ ದಾಟಬಾರದು.

ಪ್ರಾಜೆಕ್ಟಲ್ಲಿ ನೀವು ರಿಪೋರ್ಟ್ ಮಾತ್ರ ಬರೆದಿದ್ದರೆ ಸರ್ಕ್ಯೂಟ್ ನನ್ನದು ಎಂದು ಬರೆಯಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ನಿಮ್ಮದೂ ಇಂಥದೇ ನೀರು ಬಿಡುವ ಪ್ರಾಜೆಕ್ಟಾಗಿದ್ದು, ಡ್ರೈವ್‌ಗೆ ಇನ್ನೂ ಒಂದು ತಿಂಗಳಿದ್ದರೆ ಆ ಕಿಟ್ ಮನೆಗೆ ಒಯ್ದು ಒಂದು ಕುಂಡದಲ್ಲಿ ನೆಡಿ, ಎರಡು ವಾರ ದಿನಾ ಬೆಳಿಗ್ಗೆ ರೀಡಿಂಗ್ ಬರೆದಿಡಿ. ಅದು ಎಲ್ಲಿ ಎಡವಟ್ಟು ಮಾಡುತ್ತದೋ ಅಲ್ಲೇ ನಿಮ್ಮ ಸಾಲು ಸಿಗುತ್ತದೆ.