ಕುಂಕುಮದ ಭರಣಿಯಲ್ಲಿ ಬಂದ ನುಚ್ಚು: ಬಾಯಿ ವಾಸನೆಯ ಒಂದು ಪ್ರಕರಣ

ಬಾಯಿ ವಾಸನೆಯ ಕಾರಣಕ್ಕೆ ಆಪ್ತಸಲಹೆಗೆ ಬರುವವರು ಸಾಮಾನ್ಯವಾಗಿ ಬಾಯಿಯ ಮಾತನ್ನೇ ಎತ್ತುವುದಿಲ್ಲ. ಜನರ ನಡುವೆ ಬೆರೆಯಲು ಆಗುತ್ತಿಲ್ಲ, ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ, ಕೆಲಸ ಬಿಡಬೇಕೆನಿಸುತ್ತಿದೆ ಎಂದು ಆರಂಭಿಸುತ್ತಾರೆ. ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ, ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿಕೊಂಡು, ನಿಜವಾದ ವಿಷಯ ಹೇಳುತ್ತಾರೆ. ಇಂಥ ಹಲವರನ್ನು ನೋಡಿದ್ದರೂ ಒಂದು ಪ್ರಕರಣದಲ್ಲಿ ನಾನು ತಪ್ಪಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಮೂವತ್ತೈದರ ಆಸುಪಾಸಿನ ಪ್ರೌಢಶಾಲಾ ಶಿಕ್ಷಕಿ. ದಿನಕ್ಕೆ ನಾಲ್ಕು ಬಾರಿ ಹಲ್ಲುಜ್ಜುತ್ತಿದ್ದರು, ಎರಡು ಬಾರಿ ಉರಿಯುವಂಥ ಮೌತ್‌ವಾಷ್‌ನಿಂದ ಬಾಯಿ ಮುಕ್ಕಳಿಸುತ್ತಿದ್ದರು, ಪರ್ಸಿನಲ್ಲಿ ಏಲಕ್ಕಿ ಮತ್ತು ಲವಂಗದ ಡಬ್ಬಿ ಸದಾ ಇರುತ್ತಿತ್ತು. ಯಾರೋ ಹೇಳಿದರೆಂದು ಆರು ತಿಂಗಳು ಹೊಟ್ಟೆ ಶುದ್ಧಿಯ ಚೂರ್ಣವನ್ನೂ ಸೇವಿಸಿದ್ದರು. ವಿದ್ಯಾರ್ಥಿಯೊಬ್ಬ ಮೂಗು ಉಜ್ಜಿಕೊಂಡರೆ, ಸಹೋದ್ಯೋಗಿ ಕಿಟಕಿ ತೆರೆದರೆ, ಅದು ತಮ್ಮಿಂದಲೇ ಎಂದು ಅವರಿಗೆ ಖಚಿತವಾಗುತ್ತಿತ್ತು. ಮನೆಯಲ್ಲಿ ಕೇಳಿದರೆ ಎಲ್ಲರೂ "ಏನೂ ಇಲ್ಲ" ಎನ್ನುತ್ತಿದ್ದರು.

ಇಲ್ಲದ ವಾಸನೆಯನ್ನು ಇದೆಯೆಂದು ನಂಬಿ ನರಳುವವರು ನಿಜವಾಗಿಯೂ ಇದ್ದಾರೆ. ಬೇರೆಯವರ ಪ್ರತಿಯೊಂದು ಚಲನೆಯನ್ನೂ ಸಾಕ್ಷಿಯನ್ನಾಗಿ ಮಾಡಿಕೊಳ್ಳುವುದು ಅವರ ಲಕ್ಷಣ. ಈಕೆಯಲ್ಲಿ ಆ ಲಕ್ಷಣ ಎದ್ದು ಕಾಣುತ್ತಿತ್ತು, ಮೇಜಿನ ಈಚೆ ಕುಳಿತ ನನಗೆ ವಾಸನೆ ಬಂದಿರಲಿಲ್ಲ, ಮನೆಯವರೂ ಇಲ್ಲವೆಂದಿದ್ದರು. ಹೀಗಾಗಿ ನಾಲ್ಕು ಭೇಟಿಗಳವರೆಗೆ ನಾನು ಭಯಕ್ಕೆ ಮಾತ್ರ ಸಲಹೆ ನೀಡಿದೆ, ಬಾಯಿಯನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಲಿಲ್ಲ.

ಐದನೆಯ ಭೇಟಿಗೆ ಅವರು ತಂಗಿಯ ಜೊತೆ ಬಂದರು. ತಂಗಿ ಹೊರಗೆ ಕುಳಿತರು. ಶಿಕ್ಷಕಿ ಪರ್ಸಿನಿಂದ ಕುಂಕುಮದ ಚಿಕ್ಕ ಭರಣಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದರು. ಒಳಗೆ ಟಿಶ್ಯೂ ಕಾಗದದ ಮಡಿಕೆಯಲ್ಲಿ ಅಕ್ಕಿನುಚ್ಚಿನಷ್ಟು ದೊಡ್ಡದಾದ, ಹಳದಿ ಬೆರೆತ ಬಿಳಿ ಬಣ್ಣದ ಒಂದು ಚೂರು ಇತ್ತು. "ಬೆಳಿಗ್ಗೆ ಕೆಮ್ಮಿದಾಗ ಬಂತು ಮೇಡಂ. ಹಿಂದೆಯೂ ಎರಡು ಮೂರು ಸಲ ಬಂದಿದೆ. ಊಟದ ಅಗುಳು ಅಂದುಕೊಂಡಿದ್ದೆ. ಇವತ್ತು ಬೆರಳಲ್ಲಿ ಹಿಸುಕಿ ಮೂಸಿ ನೋಡಿದೆ. ನನ್ನೊಳಗೆ ಏನೋ ಕೊಳೀತಾ ಇದೆ" ಎಂದರು. ಅವರ ಧ್ವನಿಯಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವಿತ್ತು. ಕೊನೆಗೂ ಸಾಕ್ಷಿ ಸಿಕ್ಕಿತೆಂಬ ಸಮಾಧಾನ ಅದು. ನನಗೆ ನಾಚಿಕೆಯಾಯಿತು.

ಅದು ಟಾನ್ಸಿಲ್ ಕಲ್ಲಿನಂತೆ ಕಾಣುತ್ತಿತ್ತು. ಗಂಟಲಿನ ಎರಡೂ ಬದಿಯಲ್ಲಿರುವ ಟಾನ್ಸಿಲ್ ಗ್ರಂಥಿಗಳ ಮೇಲ್ಮೈ ನಯವಾಗಿರುವುದಿಲ್ಲ, ಅದರಲ್ಲಿ ಆಳವಾದ ಗುಳಿಗಳಿರುತ್ತವೆ. ಉದುರಿದ ಜೀವಕೋಶಗಳು, ಲೋಳೆ ಮತ್ತು ಆಹಾರದ ಕಣಗಳು ಆ ಗುಳಿಗಳಲ್ಲಿ ಸಿಲುಕಿ, ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ದಿನ ಕಳೆದಂತೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾದಾಗ ಅದು ಕಲ್ಲೆನಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅಪಾಯಕಾರಿಯಲ್ಲದಿದ್ದರೂ ಹಿಸುಕಿದರೆ ವಾಸನೆ ಅಸಹನೀಯವಾಗಿರುತ್ತದೆ, ಏಕೆಂದರೆ ಆ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಗಂಧಕಯುಕ್ತ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲೊಂದು. ಇಷ್ಟನ್ನು ಆಕೆಗೆ ವಿವರಿಸಿ, ಇದನ್ನು ಖಚಿತಪಡಿಸಬೇಕಾದವರು ಕಿವಿ ಮೂಗು ಗಂಟಲು ವೈದ್ಯರೇ ಎಂದೂ ಹೇಳಿದೆ.

ಬಳಿಕ ನಾನು ಮಾಡಿದ್ದನ್ನು ಕೆಲವು ಸಹೋದ್ಯೋಗಿಗಳು ಒಪ್ಪಲಿಲ್ಲ. ಆಕೆಯ ಅನುಮತಿ ಪಡೆದು ತಂಗಿಯನ್ನು ಒಳಗೆ ಕರೆದೆ. ಅಂದು ತಿಂಡಿಯ ನಂತರ ಆಕೆ ಏಲಕ್ಕಿಯನ್ನಾಗಲಿ ಮೌತ್‌ವಾಷನ್ನಾಗಲಿ ಮುಟ್ಟಿರಲಿಲ್ಲ. ಮೊದಲು ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಲು, ನಂತರ ಮೂಗು ಹಿಡಿದು ಬಾಯಿಯಿಂದ ಉಸಿರು ಬಿಡಲು ಹೇಳಿ, ಒಂದು ಗೇಣು ದೂರದಲ್ಲಿ ಮತ್ತು ಒಂದು ತೋಳಿನಷ್ಟು ದೂರದಲ್ಲಿ ತಿಳಿದದ್ದನ್ನು ತಿಳಿದಂತೆ ಹೇಳಬೇಕೆಂದು ತಂಗಿಯನ್ನು ಕೋರಿದೆ. ವಾಸನೆ ಮೂಗಿನ ಉಸಿರಿನಲ್ಲಿ ಇದ್ದರೆ ಸೈನಸ್ಸನ್ನೋ, ಅಪರೂಪಕ್ಕೆ ಯಕೃತ್ತು, ಮೂತ್ರಪಿಂಡಗಳಂಥ ಒಳಗಿನ ಕಾರಣವನ್ನೋ ಯೋಚಿಸಬೇಕಾಗುತ್ತದೆ. ಬಾಯಿಯ ಉಸಿರಿನಲ್ಲಿ ಮಾತ್ರ ಇದ್ದರೆ ಮೂಲ ಬಾಯಿಯಲ್ಲೋ ಗಂಟಲಿನಲ್ಲೋ ಇರುವ ಸಾಧ್ಯತೆ ಹೆಚ್ಚು.

ತಂಗಿ ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಾ ಕುಳಿತರು. ಆಮೇಲೆ ಹೇಳಿದರು: "ಮೂಗಿನಿಂದ ಏನೂ ಇಲ್ಲ. ಬಾಯಿಂದ ಇದೆ ಅಕ್ಕ, ಹತ್ತಿರ ಬಂದರೆ ಮಾತ್ರ. ಬೆಳಿಗ್ಗೆ ಎದ್ದಾಗ ಜಾಸ್ತಿ ಇರುತ್ತೆ. ಈಗ ಇಷ್ಟು ದೂರದಲ್ಲಿ ಏನೂ ಗೊತ್ತಾಗ್ತಿಲ್ಲ. ನೀನು ಕೇಳಿದಾಗೆಲ್ಲ ಇಲ್ಲ ಅಂದೆ, ನೀನು ಬೇಜಾರು ಮಾಡ್ಕೋತೀಯ ಅಂತ."

ಶಿಕ್ಷಕಿ ಅಳುತ್ತಾರೆಂದು ನಾನು ಸಿದ್ಧಳಾಗಿದ್ದೆ. ಅವರು ಅಳಲಿಲ್ಲ. "ಹಾಗಾದ್ರೆ ಮೊದಲನೇ ಬೆಂಚಿನವರಿಗೂ ಬರಲ್ಲ, ಅಲ್ವಾ?" ಎಂದು ಕೇಳಿದರು. ಅಲ್ಲಿಯವರೆಗೆ ಅವರ ಕಲ್ಪನೆಯಲ್ಲಿ ಆ ವಾಸನೆ ಇಡೀ ತರಗತಿಯನ್ನು ತುಂಬುತ್ತಿತ್ತು. ಆ ಗಳಿಗೆಯಲ್ಲಿ ಅದಕ್ಕೊಂದು ಅಳತೆ ಸಿಕ್ಕಿತು.

ಮನೆಯವರಿಂದ ಉಸಿರಿನ ಪರೀಕ್ಷೆ ಮಾಡಿಸುವುದು ಆತಂಕದ ರೋಗಿಗೆ ಪದೇ ಪದೇ ಖಾತರಿ ಕೇಳುವ ಚಟ ಹಿಡಿಸುತ್ತದೆ ಎಂಬುದು ಸಹೋದ್ಯೋಗಿಗಳ ಆಕ್ಷೇಪ. ದಿನಕ್ಕೆ ಹತ್ತು ಬಾರಿ ಕೇಳಿದರೆ ಖಂಡಿತ ಹಾಗಾಗುತ್ತದೆ. ಆದರೆ ತನ್ನ ಬಾಯಿಯ ವಾಸನೆ ತನ್ನ ಮೂಗಿಗೆ ಒಗ್ಗಿಹೋಗಿರುತ್ತದೆ, ಅಂಗೈಗೆ ಊದಿ ಮೂಸಿದರೆ ಸರಿಯಾಗಿ ತಿಳಿಯುವುದಿಲ್ಲ. ಪ್ರೀತಿಯಿಂದ ಹೇಳಿದ ಸುಳ್ಳು ಆಕೆಯ ಸಂಶಯವನ್ನು ಬೆಳೆಸಿತ್ತೇ ಹೊರತು ತಗ್ಗಿಸಿರಲಿಲ್ಲ. ಆದ್ದರಿಂದ ತಿಂಗಳಿಗೆ ಒಂದೇ ಬಾರಿ, ತಂಗಿಯಿಂದ ಮಾತ್ರ, ನಿಜ ಮಾತ್ರ ಎಂಬ ಕರಾರು ಮಾಡಿಸಿದೆ. ವಾಸನೆ ಇಲ್ಲವೆಂದು ತಂಗಿ ಹೇಳಿದ್ದರೂ ಕರಾರು ಇದೇ ಇರುತ್ತಿತ್ತು, ಸಲಹೆ ಮಾತ್ರ ಬೇರೆಯಾಗುತ್ತಿತ್ತು.

ಮುಂದಿನ ವಾರ ದಂತವೈದ್ಯರ ಬಳಿ ಹೋದಾಗ ಹುಳುಕಾಗಲಿ ವಸಡಿನ ಕಾಯಿಲೆಯಾಗಲಿ ಸಿಗಲಿಲ್ಲ. ಬಲವಾಗಿ ಉಜ್ಜಿದ್ದರಿಂದ ಹಲ್ಲಿನ ಬುಡ ಸವೆದಿತ್ತು. ಸಿಕ್ಕಿದ್ದು ನಾಲಿಗೆಯ ಹಿಂಭಾಗದ ದಪ್ಪ, ಹಳದಿ ಲೇಪ. ಹಲ್ಲು, ವಸಡು ಆರೋಗ್ಯವಾಗಿದ್ದೂ ವಾಸನೆ ಬರುವವರಲ್ಲಿ ಬಹುಪಾಲು ಇದೇ ಕಾರಣವಿರುತ್ತದೆ. ಆಕೆ ನಿತ್ಯವೂ ನಾಲಿಗೆ ಕೆರೆಯುತ್ತಿದ್ದರು, ಆದರೆ ಕನ್ನಡಿಯಲ್ಲಿ ಕಾಣುವ ಮುಂಭಾಗವನ್ನು ಮಾತ್ರ. ಅಲ್ಲಿ ಲೇಪ ನಿಲ್ಲುವುದೇ ಕಡಿಮೆ, ಊಟ ಮಾಡುವಾಗ ಅಂಗುಳಕ್ಕೆ ಉಜ್ಜಿ ತಾನಾಗಿ ಶುಚಿಯಾಗುತ್ತದೆ. ಹಿಂಭಾಗದ ಒರಟಾದ ಮೇಲ್ಮೈಗೆ ಆ ಉಜ್ಜುವಿಕೆ ಇಲ್ಲ, ಜೊತೆಗೆ ಮೂಗಿನ ಹಿಂದಿನಿಂದ ಇಳಿಯುವ ಲೋಳೆ ಅಲ್ಲೇ ನಿಲ್ಲುತ್ತದೆ. ವೈದ್ಯರು ತೋರಿಸಿಕೊಟ್ಟ ಕ್ರಮವನ್ನು ನನ್ನ ಎದುರಿಗೂ ಮಾಡಿ ತೋರಿಸಲು ಹೇಳಿದೆ. ನಾಲಿಗೆಯ ತುದಿಯನ್ನು ಬಟ್ಟೆಯಿಂದ ಹಿಡಿದು ಹೊರಚಾಚಿ, ವಾಕರಿಕೆ ತಡೆಯಲು ಉಸಿರನ್ನು ಹೊರಬಿಡುತ್ತಾ, ನಾಲಿಗೆ ಕೆರೆಯುವ ಪಟ್ಟಿಯನ್ನು ಸಾಧ್ಯವಾದಷ್ಟು ಹಿಂದಿನಿಂದ ಮುಂದಕ್ಕೆ ಹಗುರವಾಗಿ ನಾಲ್ಕೈದು ಬಾರಿ ಎಳೆಯುವುದು, ಪ್ರತಿ ಬಾರಿ ಪಟ್ಟಿಯನ್ನು ತೊಳೆಯುವುದು, ಬೆಳಿಗ್ಗೆ ಮತ್ತು ಮಲಗುವ ಮುನ್ನ. ರಕ್ತ ಬಂದರೆ ಹೆಚ್ಚು ಒತ್ತಿದ್ದಾರೆಂದೇ ಅರ್ಥ. ಲೇಪ ಮತ್ತೆ ಬರುತ್ತದೆ, ಬರಲೇಬೇಕು. ಬೆಳ್ಳಗಾಗುವುದೇ ರೋಗವೆಂದು ಆಕೆ ದಿನಕ್ಕೆ ಎಂಟು ಬಾರಿ ಕೆರೆಯತೊಡಗಬಾರದೆಂದು ಈ ಮಾತನ್ನು ಒತ್ತಿ ಹೇಳಿದೆ.

ಲೇಪ ಅಷ್ಟು ದಪ್ಪವಾಗಲು ಮತ್ತು ಟಾನ್ಸಿಲ್ ಕಲ್ಲು ಕಟ್ಟಲು ಮೂರನೆಯದೊಂದು ಸಂಗತಿ, ಬಾಯಿ ಒಣಗುವುದು, ಕೈಜೋಡಿಸಿತ್ತು. ಶಾಲೆಯ ಶೌಚಾಲಯದಲ್ಲಿ ನೀರು ಬರುತ್ತಿರಲಿಲ್ಲವಾದ್ದರಿಂದ ಆಕೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ, ಅಷ್ಟರಲ್ಲಿ ಐದು ತರಗತಿಗಳಿಗೆ ಜೋರು ಧ್ವನಿಯಲ್ಲಿ ಪಾಠ ಮಾಡುತ್ತಿದ್ದರು. ಧೂಳಿನ ಅಲರ್ಜಿಗೆ ವರ್ಷಗಳಿಂದ ರಾತ್ರಿ ಸೆಟಿರಿಜಿನ್ ಮಾತ್ರೆ ನುಂಗುತ್ತಿದ್ದರು, ಮೂಗು ಕಟ್ಟಿ ಬಾಯಿ ತೆರೆದು ಮಲಗುತ್ತಿದ್ದರು. ಬಾಯಿಯನ್ನು ಸದಾ ತೊಳೆಯುವುದು ಜೊಲ್ಲುರಸವೇ. ನಿದ್ರೆಯಲ್ಲಿ ಎಲ್ಲರಿಗೂ ಅದು ಕಡಿಮೆಯಾಗುವುದರಿಂದಲೇ ಬೆಳಗಿನ ವಾಸನೆ ಎಲ್ಲರಿಗೂ ಇರುತ್ತದೆ. ಈಕೆಗೆ ನೀರಿಲ್ಲದ ಹಗಲು, ಅಲರ್ಜಿಯ ಮಾತ್ರೆ ಮತ್ತು ಬಾಯಿಯ ಉಸಿರಾಟ ಸೇರಿ ಆ ಬೆಳಗು ಸಂಜೆಯವರೆಗೂ ಮುಂದುವರಿಯುತ್ತಿತ್ತು. ಮದ್ಯಸಾರವಿರುವ ಮೌತ್‌ವಾಷ್ ಒಣಗುವಿಕೆಯನ್ನು ಹೆಚ್ಚಿಸುವ ಸಾಧ್ಯತೆಯೂ ಇತ್ತು. ನಮ್ಮ ವೃತ್ತಿಯವರು ಮರೆಯಬಾರದ ಇನ್ನೊಂದು ಸಂಗತಿಯೆಂದರೆ, ಖಿನ್ನತೆ ಮತ್ತು ನಿದ್ರೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಔಷಧಗಳೂ ಬಾಯಿಯನ್ನು ಚೆನ್ನಾಗಿ ಒಣಗಿಸುತ್ತವೆ. ವಾಸನೆಯ ಭಯಕ್ಕೆಂದು ಅವಸರದಲ್ಲಿ ಮನೋವೈದ್ಯರ ಬಳಿಗೆ ಕಳುಹಿಸಿದ್ದರೆ ವಾಸನೆಯನ್ನೇ ಹೆಚ್ಚಿಸಿಬಿಡುವ ಸಾಧ್ಯತೆಯಿತ್ತು.

ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂದು ಹೇಳಿ ಗಂಟಲು ವೈದ್ಯರಲ್ಲಿಗೆ ಕಳುಹಿಸಿದೆ. ಅವರು ಕಲ್ಲೆಂದೇ ಖಚಿತಪಡಿಸಿ, ಮಾತ್ರೆಯ ಬದಲು ಮೂಗಿಗೆ ಸಿಂಪಡಿಸುವ ಔಷಧ ಕೊಟ್ಟರು. ಊಟದ ನಂತರ ಬೆಚ್ಚಗಿನ ಉಪ್ಪುನೀರಿನಿಂದ ಗಳಗಳ ಮಾಡಿ ಗಂಟಲು ಮುಕ್ಕಳಿಸಲು ತಿಳಿಸಿದರು. ಟಾನ್ಸಿಲ್ ತೆಗೆಸುವ ಮಾತು ಪದೇ ಪದೇ ಸೋಂಕಾದರೆ ಅಥವಾ ಕಲ್ಲಿನ ತೊಂದರೆ ಯಾವುದಕ್ಕೂ ಬಗ್ಗದಿದ್ದರೆ ಮಾತ್ರ. ಆಕೆ ಹೇರ್‌ಪಿನ್ನಿನಿಂದ ಕಲ್ಲು ಕೀಳಲು ಒಮ್ಮೆ ಯತ್ನಿಸಿದ್ದು ಆಗಲೇ ನನಗೆ ತಿಳಿದದ್ದು. ಟಾನ್ಸಿಲ್ ಮೃದುವಾದ, ರಕ್ತ ತುಂಬಿದ ಅಂಗ, ಅದನ್ನು ಎಂದಿಗೂ ಚುಚ್ಚಬಾರದು. ಒಂದೇ ಬದಿಯ ಟಾನ್ಸಿಲ್ ಊದಿಕೊಂಡಿದ್ದರೆ, ರಕ್ತ ಬಂದರೆ, ನುಂಗುವಾಗಿನ ನೋವು ವಾರಗಟ್ಟಲೆ ಉಳಿದರೆ ಕಲ್ಲೆಂದು ಸುಮ್ಮನಿರದೆ ತಡಮಾಡದೆ ತೋರಿಸಬೇಕು.

ಚೂರ್ಣವನ್ನು ನಿಲ್ಲಿಸಲು ನಾನೇ ಹೇಳಿದೆ. ಹೊಟ್ಟೆ ಕೆಟ್ಟರೆ ಬಾಯಿ ನಾರುತ್ತದೆ ಎಂಬ ಮಾತು ನಮ್ಮಲ್ಲಿ ಬೇರೂರಿದೆ, ಆದರೆ ಅನ್ನನಾಳ ಸದಾ ತೆರೆದಿರುವ ಕೊಳವೆಯಲ್ಲ. ತೇಗು ಮತ್ತು ಹುಳಿ ಉಕ್ಕುವಿಕೆಯನ್ನು ಬಿಟ್ಟರೆ ಹೊಟ್ಟೆಯ ಗಾಳಿ ಬಾಯಿಗೆ ಬರುವುದು ಅಪರೂಪ.

ನೀರಿನ ವಿಷಯವೇ ಎಲ್ಲಕ್ಕಿಂತ ಕಷ್ಟವಾಯಿತು, ಅದು ಆಕೆಯೊಬ್ಬರ ಕೈಯಲ್ಲಿರಲಿಲ್ಲ. ಕೊನೆಗೆ ಮೂವರು ಶಿಕ್ಷಕಿಯರು ಸೇರಿ ಶಾಲೆಯ ಪಕ್ಕದ ಮನೆಯವರನ್ನು ಕೇಳಿಕೊಂಡು, ಅಲ್ಲಿ ಶೌಚಕ್ಕೆ ಹೋಗಿಬರುವ ವ್ಯವಸ್ಥೆ ಮಾಡಿಕೊಂಡರು. ಅಂದಿನಿಂದ ಮೇಜಿನ ಮೇಲೆ ಬಾಟಲಿ ಇಟ್ಟುಕೊಂಡು ಪಾಠದ ನಡುವೆ ಗುಟುಕು ಗುಟುಕಾಗಿ ಕುಡಿಯತೊಡಗಿದರು.

ಮೊದಲ ಎರಡು ತಿಂಗಳು ತಂಗಿ "ಕಡಿಮೆ ಇದೆ" ಎಂದಷ್ಟೇ ಹೇಳಿದರು. ಮೂರನೆಯ ತಿಂಗಳ ಪರೀಕ್ಷೆಯ ದಿನ ಏಕಾದಶಿ ಬಂದಿತ್ತು. ಅಂದು ತಂಗಿ ಮುಖ ಹಿಂದಕ್ಕೆ ತೆಗೆದುಕೊಂಡದ್ದನ್ನು ಶಿಕ್ಷಕಿ ನನಗೆ ನಗುತ್ತಾ ವರ್ಣಿಸಿದರು: "ಇವತ್ತು ಇದೆ ಅಂದಳು ಮೇಡಂ. ಬೆಳಿಗ್ಗೆಯಿಂದ ನಾನು ನೀರೂ ಕುಡಿದಿರಲಿಲ್ಲ, ಇರದೆ ಏನು ಮಾಡುತ್ತೆ ಅಂದೆ. ಪರೀಕ್ಷೆ ನಾಳೆಗೆ ಹಾಕಿದ್ವಿ."