ಅಪ್‌ಡೇಟ್ ನಡುವೆ ಪ್ಲಗ್ ಕಿತ್ತ ರೌಟರ್: ಕೆಟ್ಟಿದ್ದು ಬೋರ್ಡ್ ಅಲ್ಲ

ಪ್ರಶ್ನೆ: ನಮ್ಮದು ಟಿಪಿ-ಲಿಂಕ್ ಆರ್ಚರ್ ಸಿ7 ರೌಟರ್, ವರ್ಷನ್ 2. ಫರ್ಮ್‌ವೇರ್ ಅಪ್‌ಡೇಟ್ ಹಾಕಿದಾಗ ಪರದೆಯ ಮೇಲಿನ ಪಟ್ಟಿ ಅರ್ಧಕ್ಕೇ ನಿಂತ ಹಾಗೆ ಕಂಡಿತು. ಪ್ಲಗ್ ಕಿತ್ತು ಮತ್ತೆ ಹಾಕಿದೆ. ಈಗ ವೈಫೈ ಬರುತ್ತಿಲ್ಲ. ರೀಸೆಟ್ ಬಟನ್ ಒತ್ತಿ ಹಿಡಿದರೂ ಉಪಯೋಗವಿಲ್ಲ. ಅಂಗಡಿಯವರು "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅನ್ನುತ್ತಾರೆ. ನಿಜವೇ?
ಸರಸ್ವತಿಪುರಂ, ಮೈಸೂರು

ಉತ್ತರ: ಹೊಸದು ತಗೊಳ್ಳಬೇಡಿ, ಸ್ವಲ್ಪ ತಡೆಯಿರಿ. ದೀಪವನ್ನಷ್ಟೇ ನೋಡಿ ಬೋರ್ಡ್ ಹೋಗಿದೆ ಎಂದು ಹೇಳಿಬಿಡುವುದು ನನಗೆ ಬಹಳ ಸಿಟ್ಟು ತರಿಸುತ್ತದೆ.

ನಿಮ್ಮ ರೌಟರ್‌ನೊಳಗೆ 16 ಎಂಬಿ ಅಳತೆಯ ಒಂದು ಫ್ಲ್ಯಾಶ್ ಚಿಪ್ ಇದೆ. ರೌಟರ್ ಕೆಲಸ ಮಾಡಲು ಬೇಕಾದ ಇಡೀ ಸಾಫ್ಟ್‌ವೇರ್ ಇರುವುದು ಅದರಲ್ಲೇ. ಮೊಬೈಲ್‌ನ ಆ್ಯಪ್ ಅಪ್‌ಡೇಟ್ ಕೆಟ್ಟರೆ ಆ ಆ್ಯಪ್ ಮಾತ್ರ ಕೆಡುತ್ತದೆ. ಇಲ್ಲಿ ಕೆಟ್ಟರೆ ರೌಟರ್‌ಗೆ ತಾನು ರೌಟರ್ ಅನ್ನುವುದೇ ಗೊತ್ತಿರುವುದಿಲ್ಲ. ಹೊಸ ಫೈಲ್ ಮೊದಲು ರ‍್ಯಾಮ್‌ಗೆ ಬರುತ್ತದೆ, ಅಲ್ಲಿ ತಪಾಸಣೆ ಆಗುತ್ತದೆ. ಅಲ್ಲಿಯವರೆಗೆ ಕರೆಂಟ್ ಹೋದರೂ ಹಳೆಯದು ಹಾಗೇ ಇರುತ್ತದೆ. ಅಪಾಯ ಶುರುವಾಗುವುದು ಆಮೇಲೆ. ಫ್ಲ್ಯಾಶ್‌ನಲ್ಲಿ ಹಳೆಯದರ ಮೇಲೆ ಸುಮ್ನೆ ಬರೆಯಲು ಬರುವುದಿಲ್ಲ. 64 ಕೆಬಿಯ ಒಂದೊಂದು ತುಂಡನ್ನೂ ಪೂರ್ತಿ ಅಳಿಸಿ, ಆಮೇಲೆ ಬರೆಯಬೇಕು. ನೀವು ಪ್ಲಗ್ ಕಿತ್ತದ್ದು ಆ ಹೊತ್ತಿನಲ್ಲಿ. ಈಗ ಚಿಪ್‌ನಲ್ಲಿ ಸ್ವಲ್ಪ ಹೊಸದು, ಸ್ವಲ್ಪ ಖಾಲಿ, ಸ್ವಲ್ಪ ಹಳೆಯದು ಇದೆ. ಎರಡನೇ ಪ್ರತಿ ಇಡಲು ಅದರಲ್ಲಿ ಜಾಗವಿಲ್ಲ.

ಇನ್ನು ಆ ಪಟ್ಟಿಯ ವಿಷಯ. ಬಹಳಷ್ಟು ರೌಟರ್‌ಗಳಲ್ಲಿ ಅದು ನಿಜವಾದ ಅಳತೆ ಅಲ್ಲ. ಬ್ರೌಸರ್ ತನ್ನಷ್ಟಕ್ಕೆ ಓಡಿಸುವ ಗಡಿಯಾರ ಅದು. ಬರೆಯುವಾಗ ರೌಟರ್ ಪುಟಕ್ಕೆ ಉತ್ತರ ಕೊಡುವುದೇ ಇಲ್ಲ. ಅದಕ್ಕೇ ಪಟ್ಟಿ ನಿಂತರೆ ಹತ್ತು ನಿಮಿಷ ಕೈಕಟ್ಟಿ ಕೂತುಕೊಳ್ಳಿ ಅನ್ನುವುದು.

ರೀಸೆಟ್ ಬಟನ್ ನಿಮ್ಮ ಪಾಸ್‌ವರ್ಡ್, ಸೆಟ್ಟಿಂಗ್‌ಗಳನ್ನು ಅಳಿಸುತ್ತದೆ ಅಷ್ಟೇ. ಅಳಿದುಹೋದ ಸಾಫ್ಟ್‌ವೇರ್ ಅದರಿಂದ ವಾಪಸ್ ಬರುವುದಿಲ್ಲ. ಆದರೆ ಅದೇ ಬಟನ್‌ಗೆ ಇನ್ನೊಂದು ಕೆಲಸವಿದೆ. ಚಿಪ್‌ನ ಮೊದಲ 128 ಕೆಬಿಯಲ್ಲಿ ಬೂಟ್‌ಲೋಡರ್ ಇರುತ್ತದೆ, ರೌಟರ್ ಆನ್ ಆದ ಕೂಡಲೇ ಮೊದಲು ಓಡುವ ಪುಟ್ಟ ಪ್ರೋಗ್ರಾಂ ಅದು. ಮಾಮೂಲಿ ಅಪ್‌ಡೇಟ್ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಬಟನ್ ಒತ್ತಿಕೊಂಡೇ ಪವರ್ ಕೊಟ್ಟರೆ ಅದು ಕೇಬಲ್‌ನಲ್ಲಿ ಹೊಸ ಫೈಲ್ ಕೇಳುತ್ತದೆ.

ಲ್ಯಾಪ್‌ಟಾಪ್‌ಗೆ `192.168.0.66` ಎಂಬ ಸ್ಥಿರ ವಿಳಾಸ ಕೊಡಿ, ಸಬ್‌ನೆಟ್ ಮಾಸ್ಕ್ `255.255.255.0`. ವೈಫೈ, ಫೈರ್‌ವಾಲ್ ಎರಡನ್ನೂ ಆಫ್ ಮಾಡಿ. ರೌಟರ್ ಕೇಳಿದ ಫೈಲನ್ನು ಕೇಬಲ್‌ನಲ್ಲಿ ಕಳಿಸುವ ಟಿಎಫ್‌ಟಿಪಿ ಸರ್ವರ್ ಪ್ರೋಗ್ರಾಂ ಒಂದನ್ನು ತೆರೆದು, ಅದರ ಫೋಲ್ಡರ್‌ನಲ್ಲಿ ಕಂಪನಿಯ ಸೈಟಿನಿಂದ ತಂದ ಫೈಲನ್ನು ಈ ಹೆಸರಿನಲ್ಲಿ ಇಡಿ:

```
ArcherC7v2_tp_recovery.bin
```

ಮೂಲ ಫೈಲಿನ ಹೆಸರಿನಲ್ಲಿ `boot` ಎಂದಿದ್ದರೆ ಅದನ್ನು ಹಾಗೇ ಹಾಕಬೇಡಿ. ಅದರೊಳಗೆ ಬೂಟ್‌ಲೋಡರ್ ಕೂಡ ಸೇರಿರುತ್ತದೆ. `boot` ಇಲ್ಲದ ಫೈಲ್ ಹುಡುಕಿ. ಕೇಬಲ್ ಅನ್ನು ಲ್ಯಾನ್ ಪೋರ್ಟ್‌ಗೆ ಹಾಕಿ, ರೀಸೆಟ್ ಒತ್ತಿಕೊಂಡೇ ರೌಟರ್ ಆನ್ ಮಾಡಿ, ಹತ್ತು ಸೆಕೆಂಡ್ ಹಿಡಿದಿರಿ. ಸರ್ವರ್ ಪರದೆಯಲ್ಲಿ ರೌಟರ್ ಆ ಫೈಲ್ ಕೇಳಿದ್ದು ಕಂಡರೆ ಬೂಟ್‌ಲೋಡರ್ ಬದುಕಿದೆ, ನಿಮ್ಮ ರೌಟರ್ ಉಳಿಯಿತು. ಫೈಲ್ ಹೋದ ಮೇಲೂ ಬರೆಯಲು ಕೆಲವು ನಿಮಿಷ ಬೇಕು. ತಾನೇ ರೀಸ್ಟಾರ್ಟ್ ಆಗುವವರೆಗೆ ದಯವಿಟ್ಟು ಮತ್ತೆ ಪ್ಲಗ್ ಮುಟ್ಟಬೇಡಿ. ಕೇಬಲ್, ವಿಳಾಸ ಎಲ್ಲ ಸರಿ ಇದ್ದೂ ರೌಟರ್ ಏನೂ ಕೇಳದಿದ್ದರೆ ಬೂಟ್‌ಲೋಡರ್ ಕೆಟ್ಟಿರಬಹುದು. ಆಗ ಚಿಪ್‌ಗೆ ನೇರವಾಗಿ ಬರೆಯುವ ಪ್ರೋಗ್ರಾಮರ್ ಎಂಬ ಉಪಕರಣ ಇರುವವರ ಹತ್ತಿರ ಹೋಗಿ. ಆಗಲೂ ಹೊಸ ಬೋರ್ಡ್ ಬೇಕಾಗುವುದು ಅಪರೂಪ.

ಮುಂದಿನ ಸಲ ಮಳೆ, ಗುಡುಗು ಇರುವ ಸಂಜೆ ಅಪ್‌ಡೇಟ್ ಹಾಕಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಯುಪಿಎಸ್ ಮೋಡ್‌ನಲ್ಲಿ ಇಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಆನ್ ಆಗುವ ಕ್ಷಣದಲ್ಲೇ ಕೆಲವು ರೌಟರ್‌ಗಳು ಆಫ್ ಆಗಿ ಆನ್ ಆಗುತ್ತವೆ. ಅಷ್ಟು ಸಾಕು ಕೆಡಲು.

ಪ್ರಶ್ನೆ: ಸ್ಮಾರ್ಟ್ ಟಿವಿ ಅಪ್‌ಡೇಟ್ ಆಗುವಾಗ ರಿಮೋಟ್‌ನಲ್ಲಿ ಆಫ್ ಮಾಡಿದರೆ ಆಗುತ್ತಾ?
ಮಂಡ್ಯ

ಉತ್ತರ: ಡೌನ್‌ಲೋಡ್ ಆಗುವಾಗ ಪರವಾಗಿಲ್ಲ. ಇನ್‌ಸ್ಟಾಲ್ ಶುರುವಾದ ಮೇಲೆ ರಿಮೋಟ್ ಮುಟ್ಟಬೇಡಿ, ಗೋಡೆಯ ಸ್ವಿಚ್ಚನ್ನಂತೂ ಮುಟ್ಟಲೇಬೇಡಿ. ಕೆಲವು ಟಿವಿಗಳಲ್ಲಿ ಸಾಫ್ಟ್‌ವೇರ್‌ಗೆ ಎರಡು ಪ್ರತಿ ಇರುತ್ತದೆ, ಹೊಸದು ಕೆಟ್ಟರೆ ಹಳೆಯದು ಉಳಿಯುತ್ತದೆ. ನಿಮ್ಮದರಲ್ಲಿ ಇದೆ ಎಂದು ನಂಬಿಕೊಂಡು ಆಫ್ ಮಾಡಬೇಡಿ.

ಪ್ರಶ್ನೆ: ಒಬ್ಬರು ಪೆನ್‌ಡ್ರೈವ್‌ನಲ್ಲಿ "ಎಲ್ಲ ಟಿವಿಗೂ ಆಗುವ ಫರ್ಮ್‌ವೇರ್" ಹಾಕಿಕೊಡುತ್ತಾರಂತೆ. ಹಾಕಿಸಲಾ?
ಶ್ರೀರಂಗಪಟ್ಟಣ

ಉತ್ತರ: ಬೇಡ. ಅಂಥದ್ದು ಇಲ್ಲವೇ ಇಲ್ಲ. ಒಂದೇ ಮಾದರಿಯ ಟಿವಿಯಲ್ಲೂ ಪ್ಯಾನೆಲ್ ಬೇರೆಯಾದರೆ ಫೈಲ್ ಬೇರೆಯಾಗಬಹುದು.